ಜವಾಬ್ದಾರಿ: ಶಿವರಾಮ

ನಮ್ಮ ಹಾಲಿನ ಡೈರಿಯ ಸಭೆಯ ನಡಾವಳಿಯನ್ನು ಈ ಸಲ ಮೊಬೈಲು ಬರೆದುಕೊಟ್ಟಿತ್ತು. ಅದನ್ನು ಓದಿ, ತಪ್ಪಿದ್ದರೆ ತಿದ್ದಿ, ಅಧ್ಯಕ್ಷರ ಸಹಿಗೆ ಇಡುವುದಷ್ಟೇ ನನ್ನ ಕೆಲಸ. ಇದು ವಿಮಲ್ ತಂದ ಏರ್ಪಾಡು. ಅವನಿಗೆ ಹೊಸನಗರದಲ್ಲಿ ಮೊಬೈಲ್ ಅಂಗಡಿ, ಮನೆಯಲ್ಲಿ ದನ, ಹಾಗಾಗಿ ನಮ್ಮ ಸಂಘಕ್ಕೆ ನಿರ್ದೇಶಕ. ಸಭೆ ನಡೆಯುವಾಗ ಫೋನನ್ನು ಮೇಜಿನ ಮೇಲಿಟ್ಟರೆ ಸಾಕು, ಎಲ್ಲ ಕೇಳಿಸಿಕೊಂಡು ತಾನೇ ಸಾರಾಂಶ ಮಾಡುತ್ತದೆ, ಯಾರು ಏನಂದರು ಎಂದು ಆಮೇಲೆ ಜಗಳವೇ ಇಲ್ಲ ಎಂದಿದ್ದ.

ಮೊದಲೆಲ್ಲ ನಡಾವಳಿ ಬರೆಯುತ್ತಿದ್ದವರು ನಮ್ಮ ಮನೆಯವರು, ಶಿವರಾಮ. ಡೈರಿಯ ಕಾರ್ಯದರ್ಶಿಯಾಗಿದ್ದರು. ಈ ಮಳೆಗಾಲದ ಶುರುವಿನಲ್ಲಿ ರಿಪ್ಪನ್‌ಪೇಟೆಯಿಂದ ಬರುವಾಗ ಬೈಕ್ ಜಾರಿ ಹೋಗಿಬಿಟ್ಟರು. ಅವರ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ನನ್ನನ್ನು ಕೂರಿಸಿದ್ದಾರೆ. ಅವರು ಹೋದ ದಿನದಿಂದ ನನಗೆ ಏನೂ ಅನಿಸುವುದಿಲ್ಲ. ಹಾಲು ಅಳೆಯುತ್ತೇನೆ, ಫ್ಯಾಟ್ ನೋಡುತ್ತೇನೆ, ಊಟ ಮಾಡುತ್ತೇನೆ. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಬೇರೆ ಯಾರದೋ ಕಾಲು ಅನಿಸುತ್ತದಲ್ಲ, ನನಗೆ ನಾನೇ ಹಾಗೆ ಆಗಿದ್ದೇನೆ.

ಈ ಸಭೆಯಲ್ಲಿ ನನ್ನನ್ನು ಖಾಯಂ ಮಾಡುವ ವಿಷಯವೂ ಇತ್ತು. ಈ ಕೆಲಸ ಹೋದರೆ ನನಗೂ ಮಗಳು ಕಾವ್ಯಾಳಿಗೂ ಬೇರೆ ದಾರಿಯಿಲ್ಲ. ನಮ್ಮ ಸಂಘದಲ್ಲಿ ಒಂದು ಪದ್ಧತಿ: ಯಾರ ವಿಷಯ ಬರುತ್ತದೋ ಅವರು ಎದ್ದು ಹೊರಗೆ ಹೋಗಬೇಕು. ನಾನು ಕಾಫಿ ಮಾಡಲು ಹೋದೆ. ಫೋನ್ ಮೇಜಿನ ಮೇಲೆಯೇ ಉಳಿಯಿತು. ಅದನ್ನೂ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಗಿನ ಹಾಲಿನ ಗಾಡಿ ಹೋದ ಮೇಲೆ ಕಂಪ್ಯೂಟರಿನಲ್ಲಿ ಸಾರಾಂಶ ತೆರೆದೆ. ಬಹಳ ಅಚ್ಚುಕಟ್ಟಾಗಿತ್ತು. ನಮ್ಮ ಸಭೆ ಅಷ್ಟು ಅಚ್ಚುಕಟ್ಟಾಗಿ ಎಂದೂ ನಡೆದದ್ದಿಲ್ಲ. ಹಾಜರಿದ್ದವರ ಹೆಸರಿನಲ್ಲಿ ನಮ್ಮ ಧರ್ಮಾವತಮ್ಮ ಪದ್ಮಾವತಿ ಆಗಿದ್ದರು. ಹೊಂಬುಜ ಬಸದಿಯ ಪದ್ಮಾವತಿ ದೇವಿಯೇ ಡೈರಿಗೆ ನಿರ್ದೇಶಕಿಯಾಗಿ ಬಂದಳಲ್ಲ ಎಂದುಕೊಂಡು ತಿದ್ದಿದೆ. ಬೇರೆ ಕಾಲವಾಗಿದ್ದರೆ ನಗು ಬರುತ್ತಿತ್ತು.

ಕೆಳಗೆ ಬಂದರೆ ಇದು: ‘ಶ್ರೀಮತಿ ಸುಚಿತ್ರಾ ಅವರನ್ನು ಕಾರ್ಯದರ್ಶಿ ಹುದ್ದೆಯಲ್ಲಿ ಖಾಯಂಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಖುಷಿಯಾಗಬೇಕಿತ್ತು ಅನ್ನುವುದು ಗೊತ್ತಿತ್ತು, ಆಗಲಿಲ್ಲ. ಅಧ್ಯಕ್ಷ ಮಂಜಯ್ಯಣ್ಣ ಓದದೇ ಸಹಿ ಹಾಕುವ ಮನುಷ್ಯ. ಸಹಿಯಾಗಿ ನಡಾವಳಿ ಪುಸ್ತಕಕ್ಕೆ ಅಂಟಿತೆಂದರೆ ಅದೇ ಸತ್ಯ. ಆದರೆ ಆ ಮಾತು ನಡೆಯುವಾಗ ನಾನು ಕೋಣೆಯಲ್ಲಿ ಇರಲಿಲ್ಲ. ಕೇಳದ ಮಾತನ್ನು ಸರಿಯಿದೆ ಎಂದು ಹೇಗೆ ಮುಂದಿಡುವುದು? ರೆಕಾರ್ಡಿಂಗ್ ಹಾಕಿದೆ.

ನಾನು ಬಾಗಿಲು ದಾಟಿದ ಸದ್ದು ಕೇಳಿತು. ಆಮೇಲೆ ಧರ್ಮಾವತಮ್ಮನ ದನಿ. “ಆ ಹುಡ್ಗೀನ ಖಾಯಂ ಮಾಡ್ಬಿಡಿ ಮಂಜಯ್ಯ. ಇನ್ನೆಂತ ನೋಡೋದು?”

“ಅದಲ್ಲ ಅಮ್ಮ,” ವಿಮಲ್ ಹೇಳಿದ. “ಶಿವರಾಮಣ್ಣ ಹೋದ ಮೇಲೆ ಆ ಅಕ್ಕ ಒಂದು ಹನಿ ಕಣ್ಣೀರು ಹಾಕಿದ್ದು ಯಾರಾದ್ರೂ ನೋಡಿದ್ದೀರಾ? ಮನಸ್ಸು ಎಲ್ಲೋ ಇದ್ದಂಗೆ ಇರ್ತಾರೆ. ಇದು ಲೆಕ್ಕದ ಕೆಲ್ಸ.”

ಯಾರೂ ಮಾತಾಡಲಿಲ್ಲ. ಯಾರೋ ಕೆಮ್ಮಿದರು. ಲೋಟಗಳ ಸದ್ದು. “ಕಾಫಿ ಬಂತು ನೋಡಿ,” ಎಂದರು ಮಂಜಯ್ಯಣ್ಣ. ಸಕ್ಕರೆ ಕಮ್ಮಿ ಯಾರಿಗೆ ಎಂದು ನಾನೇ ಕೇಳುತ್ತಿದ್ದೆ. ಅಲ್ಲಿಂದ ಮಾತು ಹಾಲಿನ ಕೂಲರಿನ ಜನರೇಟರಿಗೆ ಹೋಯಿತು.

ಇಷ್ಟೇ. ಒಬ್ಬರು ಮಾಡಿ ಅಂದರು, ಒಬ್ಬರು ಅನುಮಾನ ತೆಗೆದರು, ಉಳಿದವರು ಕಾಫಿ ಕುಡಿದರು. ಮೊಬೈಲು ಅದನ್ನು ಸರ್ವಾನುಮತ ಮಾಡಿತ್ತು. ಪಾಪ, ಸಭೆ ಎಂದ ಮೇಲೆ ಕೊನೆಗೊಂದು ತೀರ್ಮಾನ ಇರಲೇಬೇಕೆಂದು ಅದರ ನಂಬಿಕೆ. ನಮ್ಮ ಊರಿನವರಿಗೆ ಹಾಗೇನೂ ಇಲ್ಲ. ಆ ಸಾಲನ್ನು ಅಳಿಸಿ, ‘ಚರ್ಚೆ ನಡೆಯಿತು, ತೀರ್ಮಾನವಾಗಲಿಲ್ಲ’ ಎಂದು ಬರೆದೆ. ಆಗಲೂ ಕಣ್ಣು ಒದ್ದೆಯಾಗಲಿಲ್ಲ. ವಿಮಲ್ ಹೇಳಿದ್ದು ಸರಿಯಿರಬೇಕು ಅನಿಸಿತು.

ಮೊಬೈಲು ಇಲ್ಲದ್ದನ್ನು ಸೇರಿಸಿದೆ ಎಂದರೆ ಇದ್ದದ್ದನ್ನು ಬಿಟ್ಟಿರಲೂಬಹುದು. ಮೊದಲಿನಿಂದ ಕೇಳತೊಡಗಿದೆ. ಶುರುವಿನಲ್ಲೇ ಮಂಜಯ್ಯಣ್ಣ “ಏಳಿ ಎಲ್ರೂ” ಎಂದರು. ಕುರ್ಚಿಗಳು ಸರಿದವು. ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಮ್ಮ ಮನೆಯವರಿಗಾಗಿ ಎಲ್ಲರೂ ಎದ್ದು ನಿಂತ ಹೊತ್ತು ಅದು. ಮಾತಿಲ್ಲದ್ದು ಮೊಬೈಲಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಮೇಲ್ಗಡೆ ಜಾಗ ಮಾಡಿ, ‘ದಿವಂಗತ ಕಾರ್ಯದರ್ಶಿ ಶ್ರೀ ಶಿವರಾಮ ಅವರಿಗೆ ಮೌನಾಚರಣೆಯ ಮೂಲಕ ಸಂತಾಪ ಸೂಚಿಸಲಾಯಿತು’ ಎಂದು ಸೇರಿಸಿದೆ. ದಿವಂಗತ ಅನ್ನುವುದನ್ನೂ ಟೈಪ್ ಮಾಡಿದೆ. ಏನೂ ಆಗಲಿಲ್ಲ.

ಕೊನೆಯಲ್ಲಿ ಜನರೇಟರಿನ ವಿಷಯವಿತ್ತು. ‘ದುರಸ್ತಿಗೆ ಸಾಗರದ ಮೆಕ್ಯಾನಿಕ್ ಅವರನ್ನು ಕರೆಸುವುದು. ಜವಾಬ್ದಾರಿ: ಶಿವರಾಮ.’

ಇದೂ ಮೊಬೈಲಿನ ಕಿತಾಪತಿ ಎಂದುಕೊಂಡು ಆ ಜಾಗವನ್ನು ಹಾಕಿ ಕೇಳಿದೆ. “ಶಿವರಾಮಾ, ಸಾಗರದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಬೇಗ ಕರ್ಸು ಮಾರಾಯ,” ಎಂದಿದ್ದರು ಮಂಜಯ್ಯಣ್ಣ. “ಆಯ್ತು,” ಎಂದಿದ್ದೆ ನಾನು. ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಎಷ್ಟೋ ವರ್ಷ ಮೂಲೆಯ ಆ ಕುರ್ಚಿಗೆ ಅದೇ ಹೆಸರು ಹೇಳಿದ ನಾಲಗೆ. ಅಷ್ಟೊಂದು ತಪ್ಪು ಮಾಡಿದ್ದ ಮೊಬೈಲು ಇದೊಂದನ್ನು ಆಡಿದ ಹಾಗೇ ಬರೆದಿತ್ತು.

ಆ ಹೆಸರನ್ನು ಅಳಿಸಲು ನನ್ನಿಂದ ಆಗಲಿಲ್ಲ. ಹಾಗೆಯೇ ಪ್ರಿಂಟ್ ತೆಗೆದೆ.

ಸಂಜೆಯ ಹಾಲಿನ ಹೊತ್ತಿಗೆ ಮಂಜಯ್ಯಣ್ಣ ಬಂದು, ಜೇಬಿನ ಪೆನ್ನು ತೆಗೆದು, “ಎಲ್ಲಿ ಹಾಕ್ಲಿ?” ಎಂದರು.

“ಓದಿ ಹಾಕಿ ಮಂಜಯ್ಯಣ್ಣ.”

ಕನ್ನಡಕ ಏರಿಸಿ ಓದಿದರು. ನಡುವೆ ನಿಂತರು. “ವಿಮಲ್ ನಂಗೂ ಕಳ್ಸಿದ್ದ. ಅದ್ರಲ್ಲಿ ಖಾಯಂ ಅಂತ ಇತ್ತಲ್ಲೇ? ತೆಗ್ದಿದ್ದು ಯಾಕೆ? ಯಾರೂ ಬೇಡ ಅಂದಿರ್ಲಿಲ್ಲ.”

“ಹೂಂ ಅಂತಲೂ ಯಾರೂ ಅಂದಿಲ್ಲ. ಕೇಳಿದೆ ನಾನು.”

ಅವರ ಮುಖ ಸಣ್ಣದಾಯಿತು. ಸಭೆಯಲ್ಲಿ ಏನೇನು ಮಾತಾಯಿತೆಂದು ನೆನಪಿಸಿಕೊಳ್ಳುತ್ತಿದ್ದರು. “ಮುಂದಿನ ಸಭೇಲಿ ನಾನೇ ಎತ್ತುತ್ತೀನಿ ಮಗಾ,” ಎಂದು ಮೆಲ್ಲಗೆ ಹೇಳಿ ಮುಂದೆ ಓದಿದರು. ಜನರೇಟರಿನ ಸಾಲಿಗೆ ಬಂದಾಗ, “ಇದೆಂತ ಇದು? ಮೇಲೆ ಸಂತಾಪ ಬರ್ದು ಕೆಳಗೆ ಅವನಿಗೇ ಕೆಲ್ಸ ಹಚ್ಚಿದ್ದೀಯಲ್ಲ!”

“ನೀವು ಹೇಳಿದ್ದೇ ಹಾಗೆ.”

ಮಂಜಯ್ಯಣ್ಣ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ, “ತಿದ್ದು,” ಎಂದರು.

“ನೀವೇ ತಿದ್ದಿ.”

ಅವರು ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸುಚಿತ್ರಾ ಎಂದು ಬರೆದು, ಅಲ್ಲೊಂದು ಕೆಳಗೊಂದು ಸಹಿ ಹಾಕಿದರು. ನಮ್ಮ ಮನೆಯವರಿಗೆ ಎಂದು ಉಳಿದಿದ್ದ ಕೆಲಸ ಅದೊಂದೇ. ಅದೂ ನನಗೆ ಬಂತು.

ಡೈರಿಯ ಫೋನಿನಿಂದ ಸಾಗರಕ್ಕೆ ಮಾಡಿದೆ. ಮೆಕ್ಯಾನಿಕ್ ಎತ್ತಿದವನೇ, “ಶಿವರಾಮಣ್ಣಾ! ಎಂತ, ಭಾರಿ ದಿನ ಆಯ್ತು ಸುದ್ದಿನೇ ಇಲ್ಲ?” ಎಂದ.

ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ಆ ಮಾತನ್ನು ನಾನು ಈವರೆಗೆ ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.

“ಅವರಿಲ್ಲ ಅಣ್ಣ,” ಎಂದೆ. “ತೀರ್ಕೊಂಡ್ರು.”

ಆ ಮಾತು ಹೇಳಿದ್ದೇ ಅಳು ಬಂತು. ಕಿಟಕಿಯಾಚೆ ಕ್ಯಾನು ಹಿಡಿದು ನಿಂತವರೆಲ್ಲ ನೋಡುತ್ತಿದ್ದರು. ಮಂಜಯ್ಯಣ್ಣ ಫೋನಿಗೆ ಕೈ ಚಾಚಿದರು, ನಾನು ಕೊಡಲಿಲ್ಲ. ಅಳುತ್ತಲೇ ಅವನಿಗೆ ಜನರೇಟರಿನ ವಿಷಯ ಹೇಳಿದೆ.