ಚಿತ್ರದಲ್ಲಿಲ್ಲದ ಗೋಡೆ

ಮೂರು ಸಲ ನಕ್ಷೆ ತೋರಿಸಿದರೂ ಅಜ್ಜಿಯದು ಒಂದೇ ಮಾತು: "ಈ ಗೆರೆಗಳಲ್ಲಿ ನಂಗೇನು ತಿಳಿಯತ್ತೆ? ನನ್ನ ಅಡುಗೆಮನೆ ಇದ್ದ ಹಾಗೇ ಇರಲಿ."

ಸೋಮವಾರ ಮೇಸ್ತ್ರಿ ಬರುವವನಿದ್ದ. ಅಜ್ಜಿಯ ಅಡುಗೆಮನೆಯನ್ನು ಹೊಸದು ಮಾಡುವುದು ಮೊಮ್ಮಗಳು ಆರ್ಕಿಟೆಕ್ಟ್ ಆಗಿ ಸ್ವಂತವಾಗಿ ಹಿಡಿದ ಮೊದಲ ಕೆಲಸ. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರಲ್ಲ, ಇಲ್ಲಿ ಅಜ್ಜಿಯೇ ಒಲ್ಲೆ ಎಂದರೆ ಮುಂದೆ ಯಾರ ಮುಂದೆ ಮುಖ ತೋರಿಸುವುದು? ಕಡೆಗೆ ಅವಳು ಕಂಪ್ಯೂಟರಿನಲ್ಲಿ ಫೋಟೋದಂಥದೇ ಚಿತ್ರ ಮಾಡಲು ಕೂತಳು.

ಚಿತ್ರದ ಅಡುಗೆಕಟ್ಟೆಯ ಕಲ್ಲಿಗೆ ಹೊಳಪು ಕೊಟ್ಟಳು. ತೀರಾ ನುಣುಪಾದರೆ ಯಾರೂ ನಂಬುವುದಿಲ್ಲವೆಂದು ನಾಲ್ಕು ಗೀರನ್ನೂ ಎಳೆದಳು. ಬುಟ್ಟಿಯಲ್ಲಿ ಆರು ನಿಂಬೆಹಣ್ಣು ಇಟ್ಟಳು. ಕಂಪ್ಯೂಟರಿಗೆ ಊರು, ತಾರೀಖು, ಗಂಟೆ ಹೇಳಿದ್ದೇ ಸೂರ್ಯ ಪ್ರಾಮಾಣಿಕವಾಗಿ ತನ್ನ ಜಾಗದಲ್ಲಿ ನಿಂತ. ಆದರೆ ಕಿಟಕಿಯಿಂದ ಬಿಸಿಲು ಒಳಗೆ ಬೀಳಲಿಲ್ಲ. ಅದಕ್ಕೇನು, ಚಿತ್ರದ ಉತ್ತರ ದಿಕ್ಕನ್ನೇ ತೊಂಬತ್ತು ಡಿಗ್ರಿ ತಿರುಗಿಸಿ ಬಿಸಿಲು ಬೀಳಿಸಿದಳು. ಇನ್ನು ಕೋಣೆ ಎಂಟಡಿ ಅಗಲ. ಒಳಗೆ ಕಂಪ್ಯೂಟರಿನ ಕಾಲ್ಪನಿಕ ಕ್ಯಾಮೆರಾ ಇಟ್ಟರೆ ಅರ್ಧ ಕಟ್ಟೆಯೂ ಕಾಣದು. ಹಜಾರದ ಕಡೆಯ ಗೋಡೆಯನ್ನು ಕ್ಯಾಮೆರಾದ ಕಣ್ಣಿಗೆ ಮಾತ್ರ ಮರೆಮಾಡಿ, ಕ್ಯಾಮೆರಾವನ್ನು ಹಜಾರಕ್ಕೇ ಒಯ್ದಳು. ನಲವತ್ತು ನಿಮಿಷ ಕಂಪ್ಯೂಟರ್ ಗುರುಗುಟ್ಟಿ ಚಿತ್ರ ಹಡೆಯಿತು.

ಅಜ್ಜಿ ಕನ್ನಡಕ ಏರಿಸಿ ನೋಡಿದಳು.

"ಯಾರ ಮನೇದೇ ಇದು?"

"ನಿಂದೇ ಅಜ್ಜಿ."

"ಇಷ್ಟು ನಿಂಬೆಹಣ್ಣು ಯಾಕೆ?"

"ಚಂದಕ್ಕೆ."

"ಆ ಕಿಟಕೀಲಿ ಐವತ್ತು ವರ್ಷದಿಂದ ಬಿಸಿಲು ಬಿದ್ದಿಲ್ಲ. ನೀನು ಓದಿದೀಯ ಅಂತ ಸೂರ್ಯ ದಿಕ್ಕು ಬದಲಾಯಿಸಿದ್ನಾ?"

ಮೊಮ್ಮಗಳ ಕಿವಿ ಕೆಂಪಾಯಿತು. ಉತ್ತರ ದಿಕ್ಕನ್ನು ತಿರುಗಿಸಿದ್ದನ್ನು ಒಪ್ಪಿಕೊಂಡಳು.

"ಹೋಗ್ಲಿ. ಎಲ್ಲಿ ನಿಂತು ತೆಗೆದೆ?"

"ಹಜಾರದಲ್ಲಿ, ತಾತನ ಕುರ್ಚಿ ಇರೋ ಕಡೆ."

"ಮಧ್ಯೆ ಗೋಡೆ ಇದೆಯಲ್ಲೇ!"

"ಚಿತ್ರಕ್ಕೋಸ್ಕರ ತೆಗೆದಿದ್ದು. ಹೆದರ್ಬೇಡ, ನಿಜವಾಗಿ ಇದ್ದೇ ಇರತ್ತೆ." ಮೌಸ್ ಒತ್ತಿ ಗೋಡೆಯನ್ನು ಮರಳಿಸಿದಳು. ಪರದೆಯ ತುಂಬ ಬೋಳು ಗೋಡೆ, ಅಡುಗೆಮನೆ ಮಾಯ.

ಅಜ್ಜಿ ಅದನ್ನೇ ನೋಡುತ್ತ ಕೂತಳು.

"ಐವತ್ತು ವರ್ಷ ನಿಮಗೆಲ್ಲ ಕಂಡಿದ್ದು ಇದೇ ಅಲ್ವಾ? ಆ ಕಡೆ ನೀವೆಲ್ಲ ನಗ್ತಿದ್ರಿ. ಒಲೆ ಮುಂದೆ ನಿಂತು 'ಏನಂತೆ, ಏನಂತೆ' ಅಂತ ಕೂಗ್ತಿದ್ದೆ. 'ಆಮೇಲೆ ಹೇಳ್ತೀವಿ' ಅಂತಿದ್ರಿ. ಒಬ್ರೂ ಹೇಳಲಿಲ್ಲ."

'ಆಮೇಲೆ' ಎಂದವರಲ್ಲಿ ಮೊಮ್ಮಗಳೂ ಇದ್ದಳು. ಆ ಕೋಣೆಯನ್ನು ಮೂರು ಸಲ ಅಳೆದಿದ್ದಳು. ಇದು ಮಾತ್ರ ಟೇಪಿಗೆ ಸಿಕ್ಕಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ಬಿಸಿಲು ಬೇಡ, ನಿಂಬೆಹಣ್ಣೂ ಬೇಡ. ಆ ಗೋಡೆ ತೆಗಿ," ಎಂದಳು ಅಜ್ಜಿ.

"ಮೇಲಿನ ಮಹಡಿ ಭಾರವೆಲ್ಲ ಅದರ ಮೇಲಿದೆ, ಅಜ್ಜಿ. ಬೆರಳಲ್ಲಿ ಒತ್ತಿದ್ರೆ ಹೋಗೋದಲ್ಲ. ಇಂಜಿನಿಯರ್ ನೋಡ್ಬೇಕು, ಉಕ್ಕಿನ ತೊಲೆ ಹಾಕ್ಬೇಕು. ಸೋಮವಾರಕ್ಕೆ ಆಗಲ್ಲ."

"ಇಷ್ಟು ವರ್ಷ ಕಾದೋಳಿಗೆ ಸೋಮವಾರ ಯಾವ ಮಹಾ?"

ಮೊಮ್ಮಗಳು ಮೇಸ್ತ್ರಿಗೆ ಫೋನ್ ಮಾಡಿ, ಸದ್ಯಕ್ಕೆ ಬರಬೇಡಿ ಎಂದಳು.

"ಯಾಕಮ್ಮ, ಅಜ್ಜಿ ಒಪ್ಪಲಿಲ್ವಾ?"

"ಒಪ್ಪಿದ್ರು," ಎಂದಳು. "ನಾನು ಸುಳ್ಳಿಗೆ ತೆಗೆದು ತೋರಿಸಿದ ಗೋಡೆಗೆ ಮಾತ್ರ."