ಜೇಬಿನಲ್ಲಿದ್ದ ಫ್ಯೂಸ್

ನಮ್ಮ ಇಸ್ತ್ರಿ ಅಂಗಡಿಯಿಂದ ಮೊಮ್ಮಗಳ ಶಾಲೆಗೆ ಎಂಟು ನಿಮಿಷದ ದಾರಿ. ನನ್ನ ಮಗಳಿಗೆ ಅದು ಒಂದು ಗಂಟೆ ಹಿಡಿಯುತ್ತಿತ್ತು. ಉಳಿದ ಮಕ್ಕಳೆಲ್ಲ ಹೋದ ಮೇಲೂ ಆ ಮಗು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿರುತ್ತಿತ್ತು. ಹೆಡ್‌ಮೇಡಂ ಎರಡು ಸಲ ಕರೆಸಿ ಮಾತಾಡಿದರು. ಮಗಳು ಅಂಗಡಿಯನ್ನೇ ಮುಚ್ಚಿಬಿಡುತ್ತೇನೆ ಎಂದು ಕೂತಳು.

ಆಗುತ್ತಿದ್ದದ್ದು ಇಷ್ಟೇ. ಬೀಗ ಹಾಕಿ ನಾಲ್ಕು ಹೆಜ್ಜೆ ಇಡುವಳು, ನಿಲ್ಲುವಳು. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆನೋ ಇಲ್ಲವೋ? ವಾಪಸ್ ಬಂದು ಬೀಗ ತೆಗೆದು ನೋಡುವಳು. ಕಿತ್ತೇ ಇರುತ್ತಿತ್ತು. ಮತ್ತೆ ಬೀಗ, ಮತ್ತೆ ನಾಲ್ಕು ಹೆಜ್ಜೆ. ಗಾಣದೆತ್ತಿನ ಹಾಗೆ. ಕಣ್ಣಾರೆ ಕಂಡದ್ದು ಮನಸ್ಸಿಗೆ ಇಳಿಯುತ್ತಿರಲಿಲ್ಲ.

ನನ್ನ ಓದು ಮೂರನೆಯ ತರಗತಿಗೆ ನಿಂತಿತು, ಆದರೆ ನೆನಪು ಗಟ್ಟಿ. ಯಾವ ಮನೆಯ ಯಾವ ಅಂಗಿಗೆ ಗುಂಡಿ ಇಲ್ಲವೆಂದು ಈಗಲೂ ಹೇಳಬಲ್ಲೆ. ಹಾಗಾಗಿ ಮಗಳು ನನ್ನನ್ನೇ ಕೇಳುತ್ತಿದ್ದಳು. ಕಿತ್ತಿದ್ದೀಯ, ನಾನೇ ನೋಡಿದೆ ಎನ್ನುತ್ತಿದ್ದೆ. ಮುಖ ಅರಳುತ್ತಿತ್ತು, ಐದು ನಿಮಿಷದ ಮಟ್ಟಿಗೆ. ಕೊನೆಗೆ ನಾನು ಜಾಣತನ ಮಾಡಿದೆ. ಅಂಗಡಿ ಮುಚ್ಚುವಾಗ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಅವಳು ನಿಂತಾಗಲೆಲ್ಲ ತೆಗೆದು ತೋರಿಸುವುದು. ಹದಿನೈದು ದಿನ ನೆಮ್ಮದಿಯೋ ನೆಮ್ಮದಿ. ಹದಿನಾರನೆಯ ದಿನ ಫ್ಯೂಸನ್ನು ತಿರುಗಿಸಿ ನೋಡಿ ಕೇಳಿದಳು:

"ಅಪ್ಪಾ, ಇದು ಇಸ್ತ್ರಿದಾ, ಫ್ಯಾನಿಂದಾ?"

ಆಗ ಆಸ್ಪತ್ರೆಗೆ ಹೋದೆವು. ಅನುಮಾನದ ರೋಗಕ್ಕೆ ಮದ್ದಿಲ್ಲ ಅಂತಾರಲ್ಲ ಸ್ವಾಮಿ, ಎಂದೆ. ಇದಕ್ಕೆ ಇದೆ ಎಂದರು ಡಾಕ್ಟರು.

ನನಗೆ ಒಳಗಿನ ಕೆಲಸ ತಿಳಿಯುವ ಚಪಲ. ಕೇಳಿದ್ದಕ್ಕೆ ಚೀಟಿಯ ಹಿಂದೆ ಒಂದು ಸುತ್ತು ಬರೆದರು. ಕಣ್ಣಿನ ಮೇಲ್ಭಾಗದ ಮೆದುಳು 'ಏನೋ ತಪ್ಪಾಗಿದೆ' ಎಂದು ಕೂಗುತ್ತದೆ. ಆ ಕೂಗು ಆಳದಲ್ಲಿರುವ ಒಂದು ಗಂಟಿಗೆ ಇಳಿಯುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಸೋಸುವುದು ಅದರ ಕೆಲಸ. ಅಲ್ಲಿಂದ ದಾಟಿದ್ದು ನಡುವಿನ ಇನ್ನೊಂದು ಠಾಣೆಯ ಮೂಲಕ ಮತ್ತೆ ಕೂಗಿದ ಜಾಗಕ್ಕೇ ಬರುತ್ತದೆ. ಇವಳಲ್ಲಿ ಸೋಸುವುದು ಸಡಿಲವಾಗಿದೆ. ಮುಗಿದ ಮಾತು ಮುಗಿಯದೆ ಸುತ್ತುತ್ತಿದೆ.

ಇಸ್ತ್ರಿಪೆಟ್ಟಿಗೆಯೊಳಗೆ ತಗಡಿನ ಪಟ್ಟಿಯೊಂದಿದೆ. ಸಾಕಷ್ಟು ಕಾದರೆ ಬಾಗಿ ಕರೆಂಟ್ ಕಡಿಯುತ್ತದೆ, ಅದು ಅಂಟಿಕೊಂಡರೆ ಪೆಟ್ಟಿಗೆ ಕಾಯುತ್ತಲೇ ಇರುತ್ತದೆ, ಹಾಗೆಯೋ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಹತ್ತಿರ ಬಂದಿರಿ, ಆದರೆ ಇಲ್ಲಿ ಪಟ್ಟಿ ಬದಲಾಯಿಸೋಕೆ ಆಗಲ್ಲ, ಅದಕ್ಕೆ ಕಲಿಸಬೇಕು ಎಂದರು. ಮಾತ್ರೆ ಸುತ್ತಿನ ಅಬ್ಬರ ತಗ್ಗಿಸುತ್ತದೆ. ಹೇಗೆಂಬುದು ತಮಗೂ ಪೂರ್ತಿ ತಿಳಿದಿಲ್ಲವಂತೆ. ಎಂಟು ಹತ್ತು ವಾರ ಬೇಕು, ಅವಸರಪಟ್ಟು ಬಿಡಬಾರದು. ಕಲಿಸುವ ಕೆಲಸ ಅದೇ ಆಸ್ಪತ್ರೆಯ ಥೆರಪಿ ಮೇಡಂದು: ಭಯ ಬರಲಿ, ಆದರೆ ವಾಪಸ್ ಹೋಗಿ ನೋಡಬಾರದು. ನೋಡಿದಾಗಲೆಲ್ಲ ಸಿಗುವ ಆ ಐದು ನಿಮಿಷದ ಸಮಾಧಾನವೇ ಸುತ್ತಿಗೆ ಮೇವು. ನೋಡದಿದ್ದರೆ, ನೋಡದೆಯೂ ಬದುಕಬಹುದು ಎಂದು ಮೆದುಳು ಕಲಿಯುತ್ತದೆ. ಮಾತ್ರೆಯಾಗಲಿ, ಈ ಕಲಿಕೆಯಾಗಲಿ, ಯಾವ ದಾರಿ ಹಿಡಿದವರಲ್ಲೂ ಅದೇ ಸುತ್ತಿನ ಕಾವು ಇಳಿದದ್ದು ಸ್ಕ್ಯಾನಿನಲ್ಲಿ ಕಂಡಿದೆಯಂತೆ.

ಥೆರಪಿ ಮೇಡಂ ನನ್ನ ಜೇಬಿನ ಕಥೆ ಕೇಳಿ ನಗಲಿಲ್ಲ.

"ಫ್ಯೂಸ್ ವಾಪಸ್ ಹಾಕಿಬಿಡಿ, ಅಜ್ಜ. ಅವರು ಕೇಳಿದಾಗ ಉತ್ತರಾನೂ ಕೊಡಬೇಡಿ. ಮೇವು ಹಾಕ್ತಿರೋರಲ್ಲಿ ನೀವೂ ಒಬ್ಬರು."

ಪ್ರೀತಿಯಿಂದ ಹೇಳಿದ್ದೆಲ್ಲ ಬೆಂಕಿಗೆ ತುಪ್ಪವಾಗಿತ್ತೇ ಎಂದು ಅಂದು ಊಟ ಸೇರಲಿಲ್ಲ.

ಮೇಡಂ ಮೊದಲು ಕೊಟ್ಟದ್ದು ಸಣ್ಣಪುಟ್ಟ ಪಾಠಗಳು. ಬಚ್ಚಲ ದೀಪ ಒಂದೇ ಸಲ ನೋಡುವುದು, ಮನೆಯ ಬೀಗ ಎಳೆದು ನೋಡದೆ ಬರುವುದು. ಭಯ ಹತ್ತರಲ್ಲಿ ಎಷ್ಟೆಂದು ಮಗಳು ಅಂಕಿ ಹೇಳಬೇಕು. ಮಾತ್ರೆಯ ಒಂಬತ್ತನೆಯ ವಾರ ಅಂಗಡಿಯ ಸರದಿ. ಅವಳು ಪ್ಲಗ್ ಕಿತ್ತಳು, ಬೀಗ ಹಾಕಿದಳು. ಕಿತ್ತದ್ದನ್ನು ನಾನು ಕಂಡೆ. ನಾಲ್ಕು ಹೆಜ್ಜೆಗೆ ನಿಂತಳು.

"ಅಪ್ಪಾ, ಕಿತ್ತಿದ್ದೀನಿ ತಾನೆ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. "ನಾನು ಹೇಳಲ್ಲ ಕಣಮ್ಮ. ನಡಿ, ಶಾಲೆ ಬಿಡೋ ಹೊತ್ತಾಗ್ತಾ ಬಂತು."

"ಊರೋರ ಗುಂಡಿ ಲೆಕ್ಕ ಹೇಳ್ತೀಯ, ಮಗಳಿಗೆ ಇಷ್ಟು ಹೇಳೋಕಾಗಲ್ವಾ?"

ಆ ಮಾತು ಚುಚ್ಚಿತು. ಆದರೂ ಪಕ್ಕದಲ್ಲೇ ನಿಂತೆ. ಅವಳು ಬೀಗದ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು. ಆಮೇಲೆ ನಡೆದಳು. ಮೂಲೆಯಲ್ಲಿ ಒಂಬತ್ತು ಎಂದಳು. ಔಷಧಿ ಅಂಗಡಿಯ ಮುಂದೆಯೂ ಒಂಬತ್ತು. ಶಾಲೆ ಮುಟ್ಟಿದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು. ಎಂಟು. ಬಹಳ ಹೊತ್ತಾದ ಮೇಲೆ, ಆರು.

ಗಂಟೆ ಹೊಡೆಯಿತು. ಮಗು ಗುಂಪಿನಿಂದ ಹೊರಬಂದು ಅಭ್ಯಾಸದಂತೆ ಬೆಂಚಿನತ್ತ ನಡೆದು, ನಮ್ಮನ್ನು ಕಂಡು ನಿಂತಿತು.

"ಅಮ್ಮಾ, ಅದು ನನ್ನ ಜಾಗ."

ಮಗಳು ಎದ್ದು ಚೀಲ ಇಸಿದುಕೊಂಡಳು. ಆಮೇಲಿನ ಅಂಕಿ ಹೇಳುವುದನ್ನು ಮರೆತಳು. ನಾನೂ ಕೇಳಲಿಲ್ಲ.