ಅಕ್ಕ ನೆಟ್ಟ ಕಿತ್ತಳೆ

ಹೆಂಡತಿ ತೀರಿಕೊಂಡ ಮೇಲೆ ಕಸಿಯಜ್ಜನಿಗೆ ನರ್ಸರಿಯ ಹಿಂದಿನ ಕಿತ್ತಳೆ ಮರವೇ ದೇವರಮನೆಯಾಗಿತ್ತು. ಬೀಜ ಊರಿದವಳು ಅವಳು. ನಾಳೆ ಮಾಡಿದರಾಯಿತು ಎಂದುಕೊಂಡು ಅಜ್ಜ ಅದರಿಂದ ಇನ್ನೊಂದು ಗಿಡ ಮಾಡಿರಲಿಲ್ಲ.

ಆ ಬೆಳಿಗ್ಗೆ ಅವಳ ತಮ್ಮ ಒದ್ದೆ ಗೋಣಿಚೀಲ ಹಿಡಿದು ಬಂದ.

“ಭಾವ, ನನ್ನ ತೋಟದ ಸಸಿಗಳು ಪೆನ್ಸಿಲ್ ದಪ್ಪ ಆಗಿವೆ. ಅಕ್ಕನ ಮರದ ಕಡ್ಡಿ ಕೊಡಿ, ಇವತ್ತೇ ಅದರ ಕಣ್ಣು ತೆಗೆದು ಸಸಿಗಳಿಗೆ ಕಸಿ ಕೂರಿಸೋಣ.”

ಅಜ್ಜ ಚೂರಿ ತೆಗೆದರೂ ಕೈ ಮುಂದೆ ಹೋಗಲಿಲ್ಲ. ಎಲೆಗಳು ಅಲ್ಲಲ್ಲಿ ಹಳದಿಯಾಗಿದ್ದವು, ಅಲ್ಲಿ ನರಗಳು ಮಾತ್ರ ಹಸಿರು.

“ಸತುವಿನ ಕೊರತೆ ಅಂದಿದ್ರಲ್ಲ?”

“ಅಂದಿದ್ದೆ. ಸಿಂಪಡಿಸಿದ ಮೇಲೆ ನಾಲ್ಕು ಎಲೆ ಹಸಿರಾಗಿ ಬಂತು. ಅಷ್ಟಕ್ಕೇ ಹಿಗ್ಗಿಬಿಟ್ಟೆ.”

“ಹಾಗಾದ್ರೆ ಕಬ್ಬಿಣದ್ದಿರಬೇಕು. ನೀವೂ ಡಾಕ್ಟರ ಹಾಗೆ ಔಷಧಿ ಬದಲಾಯಿಸ್ತಾ ಹೋಗಿ!”

ಅಜ್ಜ ನಗಲಿಲ್ಲ. ಕಬ್ಬಿಣದ ಕೊರತೆಯಾದರೆ ತುದಿಯ ಎಳೆ ಎಲೆಗಳು ಮೊದಲು ಬಿಳಿಚಿಕೊಂಡು, ಮೇಲೆ ಹಸಿರು ನರಗಳ ಸಣ್ಣ ಬಲೆ ಕಾಣುತ್ತದೆ. ಸತುವಿನದ್ದಾದರೆ ಎಲೆ ಕಿರಿದಾಗಿ ನರಗಳ ನಡುವೆ ಹಳದಿ. ಎರಡರಲ್ಲೂ ನಡುನರದ ಈಚೆ ಕಂಡದ್ದೇ ಆಚೆಗೂ ಇರುತ್ತದೆ. ಬಂದವರಿಗೆಲ್ಲ ಅವನು ಹೇಳಿಕೊಟ್ಟಿದ್ದ: “ಎಲೆಯನ್ನು ಕೈಮುಗಿದ ಹಾಗೆ ಮಡಿಸಿ. ಎರಡು ಮಗ್ಗುಲೂ ಹೊಂದಿದರೆ ಹಸಿವು. ಹೊಂದದಿದ್ದರೆ ಮದ್ದಿಲ್ಲದ ಗ್ರೀನಿಂಗ್ ರೋಗ ಇರಬಹುದು.” ಈ ಮರದ ಎಲೆಯನ್ನು ಮಾತ್ರ ಇದುವರೆಗೆ ಮಡಿಸಿರಲಿಲ್ಲ.

ಬಲಿತ ಎಲೆಯೊಂದನ್ನು ಕಿತ್ತು ಮಡಿಸಿದ. ಒಂದು ಮಗ್ಗುಲಲ್ಲಿ ಹಳದಿ ಮಚ್ಚೆ, ಅದರ ಎದುರಿಗೆ ಹಸಿರು. ಇನ್ನೊಂದು ಎಲೆ, ಮತ್ತೊಂದು ಎಲೆ. ಯಾವುದೂ ಹೊಂದಲಿಲ್ಲ. ಸೊಟ್ಟಗಾದ ಕಾಯೊಂದನ್ನು ಕೊಯ್ದ. ನಡುತಿರುಳೂ ಸೊಟ್ಟ, ಬೀಜಗಳು ಕಪ್ಪಾಗಿ ಬತ್ತಿದ್ದವು.

“ಕಡ್ಡಿ ಕೊಡಲ್ಲಪ್ಪ.”

“ಅದೇನ್ ಭಾವ! ಅಕ್ಕನ ಹೆಸರಲ್ಲಿ ಒಂದು ಗಿಡ ಉಳಿಯೋದು ಬೇಡ್ವಾ?”

“ಕಣ್ಣಿನ ಜೊತೆ ರೋಗವೂ ಬರುತ್ತೆ. ನಿನ್ನ ತೋಟವೆಲ್ಲ ಹೀಗೇ ಆಗುತ್ತೆ.”

“ಕೊಡಬೇಡಿ, ಬಿಡಿ. ಮರವಾದ್ರೂ ಇದ್ದಷ್ಟು ದಿನ ಇರಲಿ.”

ಅಜ್ಜ ಚಿಗುರನ್ನು ಬಗ್ಗಿಸಿ ತೋರಿಸಿದ. ಎಳ್ಳಿನಷ್ಟು ಸಣ್ಣ ಹುಳುಗಳು ಹಿಂಭಾಗ ಮೇಲೆತ್ತಿ ರಸ ಹೀರುತ್ತಿದ್ದವು; ರೋಗವನ್ನು ಮರದಿಂದ ಮರಕ್ಕೆ ಒಯ್ಯುವವು ಇವೇ. ಬೇಲಿಯಾಚೆ ಪಕ್ಕದವರ ನಿಂಬೆ ತೋಟ. ಕಡ್ಡಿ ಕೊಟ್ಟರೂ ರೋಗ ಹಬ್ಬುತ್ತದೆ, ಮರ ಬಿಟ್ಟರೂ ಹಬ್ಬುತ್ತದೆ. ದೇವರೇ, ಒಂದು ಸಂದಾದರೂ ಬಿಡಬಾರದಿತ್ತೇ ಎಂದು ಅವನ ಮನಸ್ಸು ಕೂಗಿತು.

“ಪರೀಕ್ಷೆಗೆ ಎಲೆ ಕಳಿಸೋಣ ಭಾವ. ನಿಮ್ಮ ಲೆಕ್ಕ ತಪ್ಪಿದ್ರೆ?”

“ಕಳಿಸು. ಹುಳುವಿಗೆ ಮಾತ್ರ ಇವತ್ತೇ ಔಷಧಿ ಹೊಡಿ. ಇಲ್ಲದಿದ್ದರೆ ಮರ ಕಡಿಯುವಾಗ ಎಲ್ಲ ಹಾರಿ ಆಚೆ ಹೋಗ್ತವೆ.”

ಪರೀಕ್ಷೆಯ ಫಲಿತಾಂಶ ಅಜ್ಜನ ಮಾತನ್ನೇ ಹೇಳಿತು. ಮರ ಉರುಳಿ ಗರಗಸ ನಿಂತಾಗ ಭಾವಮೈದ ಮೆಲ್ಲಗೆ ಕೇಳಿದ: “ಬುಡ ಬಿಡೋಣ್ವಾ? ಚಿಗುರೀತು.”

“ಚಿಗುರುತ್ತೆ. ಅದಕ್ಕೇ ಬಿಡೋ ಹಾಗಿಲ್ಲ,” ಎಂದು ಅಜ್ಜ ಗುದ್ದಲಿಗೆ ಕೈಚಾಚಿದ.